ಜಡೆ ಹೆಣೆಯುವ 7 ನಿಮಿಷ

ಪ್ರತಿ ಶನಿವಾರ ಬೆಳಿಗ್ಗೆ 7.30ಕ್ಕೆ ಶಿವಮೊಗ್ಗದಲ್ಲಿರುವ ನನ್ನ ಅಮ್ಮನಿಗೆ ವಿಡಿಯೊ ಕರೆ ಮಾಡುವುದು ನಮ್ಮ ಮನೆಯ ರೂಢಿ. ನಾವಿರುವ ಇಂಗ್ಲೆಂಡಿನಲ್ಲಿ ಚಳಿಗಾಲವಾದರೆ ಶಿವಮೊಗ್ಗದಲ್ಲಿ ಆಗ ಮಧ್ಯಾಹ್ನ 1 ಗಂಟೆ, ಬೇಸಿಗೆಯಲ್ಲಿ ಗಡಿಯಾರ ಮುಂದಕ್ಕೆ ಇಟ್ಟ ಮೇಲೆ 12. ಅಮ್ಮ ಊಟಕ್ಕೆ ಕೂರುವ ಹೊತ್ತು. ತಟ್ಟೆ ಮುಂದಿಟ್ಟುಕೊಂಡೇ ಮೊಮ್ಮಗಳನ್ನು ಕೇಳುತ್ತಾರೆ, "ಪುಟ್ಟಿ, ನಿನ್ನೆ ರಾತ್ರಿ ಏನ್ ತಿಂದೆ?" ಪುಟ್ಟಿಗೆ ಪ್ರಶ್ನೆ ಪೂರ್ತಿ ಅರ್ಥವಾಗುತ್ತದೆ. ತಡಮಾಡದೆ ಉತ್ತರವನ್ನೂ ಕೊಡುತ್ತಾಳೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು ಪಕ್ಕದಿಂದ ಅದನ್ನು ಕನ್ನಡಕ್ಕೆ ತಿರುಗಿಸಿ ಅಮ್ಮನಿಗೆ ಹೇಳುತ್ತೇನೆ. ಹೀಗೇ ಒಂದು ವರ್ಷ ನಡೆಯಿತು. ಒಂದು ಶನಿವಾರ ಅಮ್ಮ ಕರೆ ಮುಗಿಸುವ ಮುಂಚೆ ಮೆಲ್ಲಗೆ ಅಂದರು, "ನಾನು ಮೊಮ್ಮಗಳ ಹತ್ರ ಮಾತಾಡ್ತಿದೀನೋ, ನಿನ್ನ ಹತ್ರ ಮಾತಾಡ್ತಿದೀನೋ ಗೊತ್ತಾಗಲ್ಲ ಕಣೇ."

ಪುಟ್ಟಿಗೆ ಆಗ ಐದೂವರೆ ವರ್ಷ. ಅವಳ ತಮ್ಮನಿಗೆ ಎರಡೂವರೆ. ನಾಲ್ಕು ತುಂಬಿದ ಮೇಲೆ ಬರುವ ಸೆಪ್ಟೆಂಬರಿನಲ್ಲಿ ಇಲ್ಲಿ ಮಕ್ಕಳು ಶಾಲೆಗೆ ಸೇರುತ್ತಾರೆ. ಅಲ್ಲಿಯವರೆಗೆ ಅವಳು ಚೂರುಪಾರು ಕನ್ನಡ ಆಡುತ್ತಿದ್ದಳು. ಶಾಲೆ ಶುರುವಾಗಿ ನಾಲ್ಕೈದು ತಿಂಗಳಲ್ಲಿ ಅದು ನಿಂತಿತು. ಮನೆಯಲ್ಲಿ ನಾನೂ ನನ್ನ ಗಂಡನೂ ಕನ್ನಡವನ್ನೇ ಆಡುವವರು. ಆದ್ದರಿಂದ ಅವಳ ಕಿವಿಗೆ ಕನ್ನಡ ಬೀಳುತ್ತಿಲ್ಲ ಎನ್ನುವ ಹಾಗಿರಲಿಲ್ಲ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ವರ್ಣಮಾಲೆ ಹಿಡಿದು ಕೂರಿಸಿದೆ. ಮೂರು ತಿಂಗಳಲ್ಲಿ 49 ಅಕ್ಷರಗಳನ್ನೂ ಅವಳು ಬರೆಯಲು ಕಲಿತಳು, ಅದೂ ದುಂಡಗೆ. 'ಈ'ಗೆ ಈಶ ಎಂದು ಓದುತ್ತಿದ್ದಳು. ನಿನ್ನೆ ರಾತ್ರಿ ಏನು ತಿಂದೆ ಎಂದರೆ ಉತ್ತರ ಮತ್ತೆ ಇಂಗ್ಲಿಷಿನಲ್ಲೇ. ಬರೆಯುವುದಕ್ಕೂ ಬಾಯಿಬಿಟ್ಟು ಆಡುವುದಕ್ಕೂ ನಾನು ಅಂದುಕೊಂಡಂಥ ನಂಟು ಇರಲಿಲ್ಲ. ಊರಲ್ಲಿ ಮಗು ಮಾತು ಕಲಿತು ಮುಗಿಸಿ ಅಕ್ಷರಕ್ಕೆ ಬರುತ್ತದೆ. ನಾನು ಮಾತಿಲ್ಲದ ಮಗುವಿಗೆ ಅಕ್ಷರ ಕೊಟ್ಟಿದ್ದೆ.

ಕಣ್ಣು ತೆರೆಸಿದ್ದು ಫೋನಿನ ರೆಕಾರ್ಡರ್. ಒಂದು ಸಂಜೆ ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು 20 ನಿಮಿಷ ಓಡಲು ಬಿಟ್ಟೆ. ಮಕ್ಕಳು ಮಲಗಿದ ಮೇಲೆ ಕೇಳುತ್ತಾ, ಮಕ್ಕಳಿಗೆ ನಾನು ಆಡಿದ ಒಂದೊಂದು ವಾಕ್ಯವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಒಟ್ಟು 58 ವಾಕ್ಯ. ಅದರಲ್ಲಿ 41 ಅಪ್ಪಣೆಗಳು: ಬೇಗ ಬಾ, ಅಲ್ಲಿಡು, ಮುಟ್ಟಬೇಡ, ಕೈ ತೊಳ್ಕೋ, ತಮ್ಮನ್ನ ಅಳಿಸ್ಬೇಡ, ತಟ್ಟೆ ಖಾಲಿ ಮಾಡು. 9 ವಾಕ್ಯಗಳು ಹೂಂ ಅಥವಾ ಊಹೂಂ ಎಂದರೆ ಮುಗಿಯುವ ಪ್ರಶ್ನೆಗಳು. 5 ಪ್ರಶ್ನೆಗಳನ್ನು ಕೇಳಿ, ಅವಳು ಬಾಯಿ ತೆರೆಯುವ ಮುಂಚೆಯೇ ನಾನೇ ಉತ್ತರ ಹೇಳಿಬಿಟ್ಟಿದ್ದೆ. ಉಳಿದದ್ದು ಮೂರು.

ಆ ಪುಟವನ್ನು ನೋಡುತ್ತಾ ತುಂಬಾ ಹೊತ್ತು ಕೂತಿದ್ದೆ. ನಮ್ಮ ಮನೆಯ ಕನ್ನಡಕ್ಕೆ ಉತ್ತರವೇ ಬೇಕಿರಲಿಲ್ಲ. 'ಕೈ ತೊಳ್ಕೋ' ಎಂದರೆ ಮಗು ಎದ್ದು ಹೋಗಿ ಕೈ ತೊಳೆಯುತ್ತದೆ, ಅಲ್ಲಿಗೆ ಆ ಮಾತು ಮುಗಿಯಿತು. ಮಗು ತಿರುಗಿ ಆಡಬಹುದಾದ ರೂಪವೂ ಆ ಮಾತಿನಲ್ಲಿಲ್ಲ. ಅವಳ ಕಿವಿಗೆ ದಿನಕ್ಕೆ ನೂರು ಸಲ 'ಮಾಡು, ಹಾಕು, ಬಾ' ಬೀಳುತ್ತಿತ್ತು. 'ನನಗೆ', 'ನಾನು ಮಾಡಿದೆ', 'ಅದು ನಂದು' ಎಂಬಂಥವು, ಅಂದರೆ ಒಂದು ಮಗು ತನ್ನ ಬಗ್ಗೆ ಆಡುವ ಮಾತುಗಳು, ಬೀಳುತ್ತಲೇ ಇರಲಿಲ್ಲ. ವಿದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಯಾರಾದರೂ ನನ್ನ ಹತ್ತಿರ 'ಅರ್ಥ ಆಗುತ್ತೆ, ಮಾತಾಡಲ್ಲ' ಎಂದರೆ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಒಂದು ಸಂಜೆ ರೆಕಾರ್ಡ್ ಮಾಡಿ, ಅಪ್ಪಣೆಗಳನ್ನು ಎಣಿಸಿ.

ದಿನವಿಡೀ ಎಚ್ಚರದಿಂದ ಮಾತಾಡಲು ನನ್ನಿಂದ ಆಗದು, ನೌಕರಿ ಇದೆ, ಚಿಕ್ಕವನಿದ್ದಾನೆ. ಆದ್ದರಿಂದ ಒಂದೇ ಒಂದು ಹೊತ್ತನ್ನು ಆರಿಸಿಕೊಂಡೆ. ಶಾಲೆಗೆ ಹೊರಡುವ ಮುಂಚೆ ಪುಟ್ಟಿಗೆ ತಲೆ ಬಾಚಿ ಜಡೆ ಹಾಕುವ 7 ನಿಮಿಷ. ಅವಳು ಎಲ್ಲಿಗೂ ಓಡುವಂತಿಲ್ಲ. ನಾನು ಹಿಂದೆ ಕೂತಿರುತ್ತೇನೆ, ಮುಖಕ್ಕೆ ಮುಖ ಕೊಟ್ಟು ಪರೀಕ್ಷೆ ಮಾಡಿದಂತೆ ಇರುವುದಿಲ್ಲ. ಮಾತಿಗೆ ಬೇಕಾದ ವಸ್ತುಗಳೆಲ್ಲ ಕೈಯಳತೆಯಲ್ಲೇ ಇವೆ: ಬಾಚಣಿಗೆ, ಎಣ್ಣೆ, ರಿಬ್ಬನ್, ಕನ್ನಡಿ. ಆ 7 ನಿಮಿಷ ಅಪ್ಪಣೆ ಕೊಡಬಾರದು, 'ಕನ್ನಡದಲ್ಲಿ ಹೇಳು' ಎನ್ನಬಾರದು, ಇವೆರಡೇ ನನಗೆ ನಾನು ಹಾಕಿಕೊಂಡ ಕಟ್ಟಳೆ.

ಮೊದಲ ವಾರ 'ಇವತ್ತು ಶಾಲೇಲಿ ಏನ್ ಮಾಡ್ತೀರಿ?' ಎಂದು ಕೇಳಿ ಸೋತೆ. ಶಾಲೆಯಲ್ಲಿ ನಡೆಯುವುದೆಲ್ಲ ಅವಳ ತಲೆಯೊಳಗೆ ಇಂಗ್ಲಿಷಿನಲ್ಲೇ ನಡೆದಿರುತ್ತದೆ. ಅದನ್ನು ಕನ್ನಡದಲ್ಲಿ ಹೇಳು ಎಂದರೆ ಭಾಷಾಂತರ ಮಾಡು ಎಂದ ಹಾಗೆ. ಐದು ವರ್ಷದ ಮಗುವಿಗೆ ಅದು ಭಾರ. ಹಾಗಾಗಿ ಕಣ್ಣೆದುರು ಇರುವುದರ ಬಗ್ಗೆ ಮಾತ್ರ ಕೇಳತೊಡಗಿದೆ, ಅದೂ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು.

"ಒಂದು ಜಡೆನಾ, ಎರಡು ಜಡೆನಾ?"

"ಎರಡು."

"ನೀಲಿ ರಿಬ್ಬನ್ ಬೇಕಾ, ಕೆಂಪು ಬೇಕಾ?"

"ನೀಲಿ."

'ನೀಲಿ ರಿಬ್ಬನ್ ಬೇಕಾ?' ಎಂದಷ್ಟೇ ಕೇಳಿದ್ದರೆ ಅವಳು ತಲೆಯಾಡಿಸುತ್ತಿದ್ದಳು. 'ಯಾವ ಬಣ್ಣ ಬೇಕು?' ಎಂದಿದ್ದರೆ ಪದ ಹುಡುಕಬೇಕಿತ್ತು, ಮೊದಲು ಸಿಗುವುದು ಇಂಗ್ಲಿಷಿನ ಪದ. ಎರಡರಲ್ಲೊಂದು ಆರಿಸುವ ಪ್ರಶ್ನೆಯಲ್ಲಿ ಬೇಕಾದ ಪದ ಈಗತಾನೇ ಕಿವಿಗೆ ಬಿದ್ದಿರುತ್ತದೆ, ಎತ್ತಿ ಹೇಳಿದರೆ ಸಾಕು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಿದ್ದೆ. ನನಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು. ಆದರೆ ಏಳು ಅಥವಾ ಎಂಟಕ್ಕೆ ಉತ್ತರ ಬರುತ್ತಿದ್ದ ದಿನಗಳೇ ಹೆಚ್ಚು. ಹಿಂದೆಲ್ಲ ಆ ಹೊತ್ತಿಗೆ ನಾನೇ ಹೇಳಿ ಮುಗಿಸಿರುತ್ತಿದ್ದೆ.

ಇನ್ನೊಂದು ಉಪಾಯವನ್ನೂ ಮಾಡಿ ನೋಡಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಇಂಗ್ಲಿಷಿನಲ್ಲಿ ಹೇಳಿದರೆ ನನಗೆ ಅರ್ಥವಾಗಲಿಲ್ಲ ಎಂಬಂತೆ ಸುಮ್ಮನಿರುವುದು. ಎರಡನೆಯ ದಿನವೇ ಪುಟ್ಟಿ ಕನ್ನಡಿಯಲ್ಲಿ ನನ್ನನ್ನು ನೋಡಿ ತುಟಿ ಬಿಗಿದುಕೊಂಡಳು. ನಾಲ್ಕು ದಿನ ಜಡೆಯ ಹೊತ್ತಿನಲ್ಲಿ ಒಂದು ಮಾತೂ ಆಡಲಿಲ್ಲ. ನಾನು ಇಂಗ್ಲಿಷಿನಲ್ಲಿ ಪಕ್ಕದ ಮನೆಯವರ ಜೊತೆ ಮಾತಾಡುವುದನ್ನು ಅವಳು ದಿನಾ ನೋಡುತ್ತಾಳೆ. ನಾಟಕ ಎಂದು ಅವಳಿಗೆ ಗೊತ್ತು. ಆಮೇಲೆ ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅರ್ಥ ಮಾಡಿಕೊಂಡು ಕನ್ನಡದಲ್ಲಿ ಮಾತು ಮುಂದುವರಿಸುವುದಕ್ಕೆ ಮರಳಿದೆ.

ಮೂರನೆಯ ವಾರ ಅವಳ ಬಾಯಿಂದ ಮೊದಲ ಪೂರ್ತಿ ವಾಕ್ಯ ಬಂತು. "ನಾನು ಬೇಕು ನೀಲಿ."

ಈ ವಾಕ್ಯದ ಮೇಲೆ ನಾನು ಮುಂದಿನ ಎರಡು ತಿಂಗಳು ಕೆಲಸ ಮಾಡಿದೆ. ಅದರೊಳಗೆ ಏನು ನಡೆದಿದೆ ಎಂದು ನೋಡಿ. ಇಂಗ್ಲಿಷಿನಲ್ಲಿ ಬೇಕು ಅನ್ನಿಸುವುದು, ಹಸಿಯುವುದು, ಗೊತ್ತಿರುವುದು, ಇಷ್ಟಪಡುವುದು, ಎಲ್ಲಕ್ಕೂ ಮುಂದೆ ನಿಲ್ಲುವುದು 'ನಾನು'. ಕನ್ನಡದಲ್ಲಿ ಹಸಿವು, ನಿದ್ದೆ, ಚಳಿ, ನೋವು, ಭಯ, ಇಷ್ಟ, ಗೊತ್ತು, ಬೇಕು, ಸಾಕು ಇವೆಲ್ಲ 'ನನಗೆ' ಆಗುವಂಥವು. 'ನಾನು ಬೇಕು' ಎಂದರೆ ಬೇರೆಯೇ ಅರ್ಥ. ಒಂದು ಚಿಕ್ಕ ಮಗುವಿನ ದಿನ ಪೂರ್ತಿ ತುಂಬಿರುವುದು ಹಸಿವು, ನಿದ್ದೆ, ನೋವು, ಬೇಕು, ಬೇಡಗಳಿಂದಲೇ. 'ಗೆ' ಒಂದು ಕೂತರೆ ಅವಳ ದಿನದ ಅರ್ಧ ಮಾತು ಕನ್ನಡದಲ್ಲಿ ಕೂತಂತೆ. ಬಣ್ಣಗಳು, ಪ್ರಾಣಿಗಳು, ವಾರದ ದಿನಗಳು ಎಂದು ಪಟ್ಟಿ ಕಲಿಸುವ ಆಸೆಯನ್ನು ಬದಿಗಿಟ್ಟು ಇದೊಂದನ್ನೇ ಹಿಡಿದೆ.

ತಿದ್ದುವಾಗ ನಾನು ಒಂದು ತಪ್ಪು ಮಾಡಿದೆ, ಅದು ಗೊತ್ತಾಗಲು ಹತ್ತು ದಿನ ಹಿಡಿಯಿತು. 'ಹಾಗಲ್ಲ, ಹೀಗೆ' ಎನ್ನದೆ, ಸರಿಯಾದ ರೂಪವನ್ನು ನನ್ನ ಮಾತಿನಲ್ಲಿ ಸೇರಿಸಿ ಹೇಳುತ್ತಿದ್ದೆ. ಅವಳು "ನಾನು ಬೇಕು ನೀಲಿ" ಎಂದರೆ ನಾನು "ಓ, ನಿನಗೆ ನೀಲಿ ಬೇಕಾ?" ಎನ್ನುವುದು. ಹತ್ತು ದಿನವಾದ ಮೇಲೆ ಅವಳು ಕನ್ನಡಿ ನೋಡುತ್ತಾ ಹೇಳಿದಳು, "ನಿನಗೆ ನೀಲಿ ಬೇಕು." ಅವಳ ಮಟ್ಟಿಗೆ ಅದು ತನ್ನ ಬಗ್ಗೆಯೇ ಆಡಿದ ಮಾತು. ನಾನು ಕಿವಿಗೆ ಹಾಕಿದ್ದೇ 'ನಿನಗೆ'. 'ನನಗೆ' ಎನ್ನುವ ರೂಪ ಅವಳಿಗೆ ಸಿಗಬೇಕಾದರೆ ಅದನ್ನು ಇನ್ನೊಬ್ಬರು ತಮ್ಮ ಬಗ್ಗೆ ಆಡಬೇಕು. ಮಾರನೆಯ ದಿನದಿಂದ ಅವಳ ಅಪ್ಪನನ್ನೂ ಕರೆದು ಕೂರಿಸಿದೆ. ಅವರು ಚಹಾ ಲೋಟ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು. ನಾನು ಅವರನ್ನು ಕೇಳುವುದು, "ನಿಮಗೆ ಏನ್ ಬೇಕು?" ಅವರು, "ನನಗೆ ಚಹಾ ಬೇಕು." ಆಮೇಲೆ ಪುಟ್ಟಿಯ ಕಡೆ ತಿರುಗಿ, "ನಿನಗೆ?" ಅವಳು, "ನನಗೆ ನೀಲಿ." ಒಂದೇ ವಾರದಲ್ಲಿ ತಿರುಗಿಕೊಂಡಿತು. ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ ಕೈಗೊಂಬೆಯೂ ಆಗುತ್ತದೆ. ನಾನು ಆಮೇಲೆ ಚಿಕ್ಕವನ ಜೊತೆ ಹಾಗೇ ಮಾಡಿದೆ.

ಹಾಡಿನ ಕತೆ ಬೇರೆ. ನಮ್ಮ ಮನೆಯಲ್ಲಿ ಕನ್ನಡ ಶಿಶುಗೀತೆಗಳು ಮೊದಲಿಂದಲೂ ಇದ್ದವು. ಕಾರಿನಲ್ಲಿ ಹಾಕಿದರೆ ಪುಟ್ಟಿ ಒಂದಕ್ಷರ ತಪ್ಪದೆ ಹಾಡುತ್ತಿದ್ದಳು, ಕೇಳಿದವರು ಕನ್ನಡ ಎಷ್ಟು ಚೆನ್ನಾಗಿದೆ ಎನ್ನುತ್ತಿದ್ದರು. ಒಂದು ದಿನ ಹಾಡಿನ ನಡುವಿನ ಒಂದು ಪದ ಹಿಡಿದು, ಹಾಗಂದರೇನು ಎಂದು ಕೇಳಿದೆ. ಗೊತ್ತಿಲ್ಲ. ಆ ಪದ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಇಡೀ ಸಾಲು ಅವಳಿಗೆ ಒಂದೇ ಉದ್ದನೆಯ ಸದ್ದು. ಹಾಡು ನಾಲಿಗೆಯನ್ನು ಹದ ಮಾಡುತ್ತದೆ, ಅದು ಸಣ್ಣ ಲಾಭವಲ್ಲ. ಆದರೆ ಹಾಡಿನಿಂದ ಪದ ತಾನಾಗಿ ಕಳಚಿಕೊಂಡು ಮಾತಿಗೆ ಬರುವುದಿಲ್ಲ. ಕಳಚಿ ಕೊಡಬೇಕು.

ಕಳಚುವ ಬಗೆ ಎಂದರೆ, ಸಾಲಿನ ಕೊನೆಯ ಪದಕ್ಕೆ ಬಂದು ನಿಲ್ಲಿಸುವುದು. ಮಗು ತುಂಬುತ್ತದೆ. ಅದು ಸಲೀಸಾದ ಮೇಲೆ ಪದವನ್ನು ಬದಲಿಸಲು ಬಿಡುವುದು. ಅದಕ್ಕೆ ಪದ ಬದಲಿಸಿದರೂ ಮುರಿಯದಂಥ ಹಾಡು ಬೇಕು. ನಾನೇ ಒಂದು ಕಟ್ಟಿದೆ. ಕವಿತೆ ಎನ್ನುವಂಥದ್ದಲ್ಲ, ಬಾಚಣಿಗೆಯ ತಾಳಕ್ಕೆ ಕೂರುವಂಥದ್ದು.

ಬೆಕ್ಕಿಗೆ ಬೇಕು ಹಾಲು,
ಅಜ್ಜನಿಗೆ ಬೇಕು ಕೋಲು,
ತಮ್ಮನಿಗೆ ಬೇಕು ಪಾಲು,
ನನಗೆ ಏನು ಬೇಕು?

ಕೊನೆಯ ಸಾಲು ಹಾಡಿ ನಾನು ಸುಮ್ಮನಾಗುತ್ತಿದ್ದೆ. ಅವಳು ಆ ದಿನ ಏನು ಬೇಕೋ ಅದನ್ನು ಹೇಳಬೇಕು. 'ನನಗೆ ನೀಲಿ ಬೇಕು', 'ನನಗೆ ಅಜ್ಜಿ ಬೇಕು', ಒಂದು ದಿನ 'ನನಗೆ ಏನೂ ಬೇಡ'. ಈ ಹಾಡಿನಲ್ಲಿ ಬೇಕೆಂದೇ ಮೂರು ಬಗೆಯ ರೂಪ ಇಟ್ಟಿದ್ದೆ: ಬೆಕ್ಕಿಗೆ, ಅಜ್ಜನಿಗೆ, ನನಗೆ. ಅದು ಬಾಯಿಗೆ ಹತ್ತಿದ ಮೇಲೆ ಎರಡನೆಯದು.

ಗಿಡಕ್ಕೆ ಬೇಕು ನೀರು,
ಅನ್ನಕ್ಕೆ ಬೇಕು ಸಾರು,
ಊರಿಗೆ ಬೇಕು ತೇರು,
ನಿನಗೆ ಏನು ಬೇಕು?

ಎರಡನೆಯದನ್ನು ಕಟ್ಟಲು ಕಾರಣ ಅವಳೇ. 'ಗಿಡಗೆ ನೀರು' ಎಂದು ಹೇಳಿದ್ದಳು. ಗಿಡ, ಮರ, ಅನ್ನ ಎಂಬಂಥ ಪದಗಳಿಗೆ 'ಕ್ಕೆ' ಹತ್ತುತ್ತದೆ, ಊರು, ಬೆಕ್ಕುಗಳಿಗೆ 'ಇಗೆ'. ನಮಗೆ ಇದು ನಿಯಮ ಎಂಬುದೇ ನೆನಪಿರುವುದಿಲ್ಲ, ಯಾರೂ ಹೇಳಿಕೊಟ್ಟಿದ್ದಲ್ಲ. ಮಗುವಿಗೂ ನಿಯಮ ಹೇಳಲಿಲ್ಲ. ಎರಡನ್ನೂ ಒಂದೇ ಹಾಡಿನಲ್ಲಿ ಅಕ್ಕಪಕ್ಕ ಇಟ್ಟೆ. ಹೊಸ ಪದಗಳಿಗೆ ಅವಳು ತಾನಾಗಿ 'ಕ್ಕೆ' ಹಚ್ಚತೊಡಗಿದಾಗ ('ಬಸ್ಸಕ್ಕೆ' ಎಂದಳು ಒಮ್ಮೆ, ತಪ್ಪೇ ಸರಿ) ಕೆಲಸ ನಡೆಯುತ್ತಿದೆ ಎಂದು ತಿಳಿಯಿತು. ಅದನ್ನು ಅವಳು ಯಾರ ಬಾಯಿಂದಲೂ ಕೇಳಿರಲಿಲ್ಲ. ಕೇಳಿದ್ದನ್ನು ಒಪ್ಪಿಸುವುದು ಬಿಟ್ಟು ತಾನೇ ಕಟ್ಟುತ್ತಿದ್ದಳು.

ಚಿತ್ರಪುಸ್ತಕಗಳಲ್ಲಿ ನನಗೆ ಎದುರಾದ ತೊಡಕು ಬೇರೆ ಬಗೆಯದು. ಊರಿಂದ ತಂದ ಪುಸ್ತಕಗಳಿದ್ದವು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿರುತ್ತಾರೆ, ಇಳಿಸಿಕೊಂಡು ಮನೆಯಲ್ಲೇ ಮುದ್ರಿಸಬಹುದು. ಹಾಗೆ ಐದಾರು ಮುದ್ರಿಸಿಕೊಂಡೆ. ರಾತ್ರಿ ಓದಿ ಹೇಳಲು ಕೂತರೆ ಎರಡನೆಯ ಪುಟಕ್ಕೆ ಪುಟ್ಟಿ ಬೇರೆಡೆ ನೋಡುತ್ತಿದ್ದಳು. ಕತೆ ನೀರಸವೇನಲ್ಲ. ಪುಸ್ತಕದ ಕನ್ನಡ ಅವಳು ಮನೆಯಲ್ಲಿ ಕೇಳುವ ಕನ್ನಡವಾಗಿರಲಿಲ್ಲ. 'ಹುಡುಗನು ಮರದ ಕೆಳಗೆ ಕುಳಿತು ಹಕ್ಕಿಗಳನ್ನು ನೋಡುತ್ತಿದ್ದನು' ಎಂಬ ವಾಕ್ಯದಲ್ಲಿ ನಮಗೆ ಎಡವುವಂಥದ್ದು ಏನೂ ಕಾಣುವುದಿಲ್ಲ. ಅವಳ ಕಿವಿ ಬಲ್ಲದ್ದು 'ಕೂತ್ಕೊಂಡು', 'ಹಕ್ಕಿ ನೋಡ್ತಿದ್ದ'. ಊರಿನ ಮಗು ಶಾಲೆ, ಟಿವಿ, ಗೋಡೆಬರಹ ಎಂದು ಹತ್ತು ಕಡೆ ಬರಹದ ಕನ್ನಡಕ್ಕೆ ಒಗ್ಗಿಕೊಳ್ಳುತ್ತದೆ. ಇವಳಿಗೆ ಅದು ಇನ್ನೊಂದು ಹೊಸ ಭಾಷೆಯ ಹಾಗೆ ಕೇಳಿಸುತ್ತಿತ್ತು.

ಆದ್ದರಿಂದ ಓದುವುದನ್ನು ನಿಲ್ಲಿಸಿ, ಚಿತ್ರ ನೋಡಿ ಹೇಳುವುದಕ್ಕೆ ಬಂದೆ. ಹಾಗೆ ಬಂದ ಮೇಲೆ ಪುಸ್ತಕ ಕನ್ನಡದ್ದೇ ಆಗಬೇಕೆಂದೂ ಇಲ್ಲ. ಇಲ್ಲಿನ ಗ್ರಂಥಾಲಯದಿಂದ ಮಾತೇ ಇಲ್ಲದ ಒಂದು ಚಿತ್ರಪುಸ್ತಕ ತಂದೆ. ಮಳೆಯಲ್ಲಿ ದಾರಿ ತಪ್ಪಿದ ನಾಯಿಮರಿ ಮನೆ ಹುಡುಕುವ ಕತೆ, ಹನ್ನೆರಡು ಚಿತ್ರ. ಅದೊಂದೇ ಪುಸ್ತಕವನ್ನು ಮೂರು ವಾರ ದಿನಾ ರಾತ್ರಿ ಹೇಳಿದೆ.

ಮೊದಲ ವಾರ ಪ್ರತಿ ಚಿತ್ರಕ್ಕೂ ಒಂದೇ ವಾಕ್ಯ, ದಿನಾ ಅದೇ ಮಾತು, ಒಂದಕ್ಷರ ಬದಲಿಸದೆ. 'ನಾಯಿಮರಿಗೆ ಚಳಿ ಆಗ್ತಿದೆ.' 'ನಾಯಿಮರಿಗೆ ಹಸಿವಾಗಿದೆ.' 'ನಾಯಿಮರಿಗೆ ಭಯ ಆಯ್ತು.' ಬೆಳಿಗ್ಗೆ ಜಡೆಯ ಹೊತ್ತಿನಲ್ಲಿ ಹಿಡಿದಿದ್ದ 'ಗೆ'ಯನ್ನೇ ರಾತ್ರಿಯೂ ಹಿಡಿದಿದ್ದೆ. ದಿನಾ ಬೇರೆ ಬೇರೆ ಮಾತಿನಲ್ಲಿ ಹೇಳಿದರೆ ಚೆನ್ನ ಎಂದು ನನಗೂ ಅನ್ನಿಸುತ್ತಿತ್ತು, ಆದರೆ ಮಗುವಿಗೆ ಮುಂದೇನು ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಮಾತ್ರ ಬಾಯಿ ಹಾಕುವ ಧೈರ್ಯ ಬರುತ್ತದೆ.

ಎರಡನೆಯ ವಾರ ಬೇಕೆಂದೇ ತಪ್ಪು ಹೇಳತೊಡಗಿದೆ. ಮಳೆಯಲ್ಲಿ ತೊಯ್ದು ನಡುಗುತ್ತಿರುವ ಮರಿಯನ್ನು ತೋರಿಸಿ, "ನಾಯಿಮರಿಗೆ ಸೆಖೆ ಆಗ್ತಿದೆ" ಎಂದೆ.

"ಅಲ್ಲಾ! ಚಳಿ!"

"ಚಳಿನಾ? ಯಾರಿಗೆ?"

"ನಾಯಿಮರಿಗೆ!"

"ಓ, ನನಗೇನೋ ಅಂದ್ಕೊಂಡೆ."

"ನಿನಗಲ್ಲ. ನಾಯಿಮರಿಗೆ ಚಳಿ ಆಗ್ತಿದೆ."

ತಿದ್ದುವ ಹುರುಪಿನಲ್ಲಿ ಇಡೀ ವಾಕ್ಯ ಬಂತು. ನಾನು ಹೇಳು ಎಂದಿದ್ದರೆ ಬರುತ್ತಿರಲಿಲ್ಲ. ಮೂರನೆಯ ವಾರ ಪುಸ್ತಕವನ್ನು ಅವಳ ಕೈಗೆ ಕೊಟ್ಟು, ತಮ್ಮನಿಗೆ ಕತೆ ಹೇಳುವ ಕೆಲಸ ಕೊಟ್ಟೆ. ಹನ್ನೆರಡು ಚಿತ್ರಗಳಲ್ಲಿ ಎಂಟಕ್ಕೆ ಕನ್ನಡದಲ್ಲಿ ಹೇಳಿದಳು. ಸಿಕ್ಕಿಕೊಂಡಿದ್ದು ನಡೆದುಹೋದ ಸಂಗತಿ ಹೇಳಬೇಕಾದ ಚಿತ್ರಗಳಲ್ಲಿ. 'ನಾಯಿಮರಿ ಬಂತು' ಎನ್ನಲು 'ಬರಿತು' ಎಂದಳು, 'ತಿಂತು' ಎನ್ನಲು 'ತಿನ್ನಿತು'. ಬರು, ತಿನ್ನು, ಹೋಗು, ಕೊಡು, ಕೂರು ಇವೆಲ್ಲ ದಿನಬಳಕೆಯ ಕ್ರಿಯಾಪದಗಳು, ಮತ್ತು ಒಂದೊಂದರದ್ದೂ ಒಂದೊಂದು ದಾರಿ: ಬಂದೆ, ತಿಂದೆ, ಹೋದೆ, ಕೊಟ್ಟೆ, ಕೂತೆ. ಅಪ್ಪಣೆಯಲ್ಲಿ ಇವು ಕಾಣಿಸಿಕೊಳ್ಳುವುದೇ ಇಲ್ಲ. 'ಬಾ' ಎಂದು ಸಾವಿರ ಸಲ ಕೇಳಿದ ಮಗುವಿಗೆ 'ಬಂದೆ' ಎಂದು ಊಹಿಸಲು ದಾರಿಯಿಲ್ಲ. ಮುಂದಿನ ಪುಸ್ತಕವನ್ನು ಇದಕ್ಕಾಗಿಯೇ ಆರಿಸಿದೆ, ಅದರ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಅದು ಇನ್ನೂ ಮುಗಿದಿಲ್ಲ.

ಉಚ್ಚಾರದ ಬಗ್ಗೆ ಒಂದು ಮಾತು. 'ಅಜ್ಜಿ ಹಲ್ಲಿಗೆ ಹೋಗಿದಾರೆ' ಎಂದು ಪುಟ್ಟಿ ಒಮ್ಮೆ ಹೇಳಿದಳು, ಹಳ್ಳಿಗೆ ಎನ್ನಲು. ಇಂಗ್ಲಿಷಿನಲ್ಲಿ ಳಕಾರವಿಲ್ಲ. ನಾಲಿಗೆ ಮಡಿಸಿ ತೋರಿಸಿ ಹೇಳಿಸಲು ಹೋದೆ, ಅವಳು ಮಾಡಿದ್ದು ಮತ್ತೆ ಲ. ಆಗ ಹೊಳೆಯಿತು, ತೊಡಕಿರುವುದು ನಾಲಿಗೆಯಲ್ಲೋ ಕಿವಿಯಲ್ಲೋ ಎಂದು ಮೊದಲು ನೋಡಬೇಕು. ಹುಲಿಯ ಚಿತ್ರ ಒಂದು, ಹುಳಿ ತುಂಬಿದ ಬಟ್ಟಲಿನ ಚಿತ್ರ ಒಂದು ಬರೆದು ಮುಂದಿಟ್ಟೆ. ನಾನು ಒಂದನ್ನು ಹೇಳುವುದು, ಅವಳು ಮುಟ್ಟುವುದು. ಹತ್ತರಲ್ಲಿ ಐದು ಸಲ ಸರಿ. ಅಂದರೆ ಬರೀ ಊಹೆ, ಕಿವಿಗೇ ಎರಡೂ ಒಂದಾಗಿ ಕೇಳುತ್ತಿದ್ದವು. ಹಾಗಾಗಿ ಹೇಳಿಸುವುದನ್ನು ಬಿಟ್ಟು ಆಟವನ್ನಷ್ಟೇ ಆಡಿದೆವು: ಹುಲಿ–ಹುಳಿ, ಹಲ್ಲಿ–ಹಳ್ಳಿ, ಕಾಲು–ಕಾಳು. ಒಂದು ತಿಂಗಳಿಗೆ ಹತ್ತರಲ್ಲಿ ಒಂಬತ್ತು ಸರಿ ಬರತೊಡಗಿತು. ನಾಲಿಗೆ ಅದರ ಹಿಂದೆಯೇ ಬಂತು, ಎಲ್ಲ ಕಡೆಯೂ ಅಲ್ಲ. 'ಹಳ್ಳಿ' ಎನ್ನುತ್ತಾಳೆ. ಓಡುವ ಮಾತಿನಲ್ಲಿ 'ಬೆಲಿಗ್ಗೆ' ಈಗಲೂ ಇದೆ. ಅದನ್ನು ನಾನು ಹಿಡಿಯುವುದಿಲ್ಲ.

ಎಂಟು ತಿಂಗಳಾದ ಮೇಲೆ ಮತ್ತೆ ಅದೇ ಕಟ್ಟೆಯ ಮೇಲೆ ಫೋನ್ ಇಟ್ಟು 20 ನಿಮಿಷ ರೆಕಾರ್ಡ್ ಮಾಡಿದೆ. ಈ ಸಲ ಪುಟ್ಟಿಯ ಮಾತುಗಳನ್ನೂ ಬರೆದುಕೊಂಡೆ. ಮೊದಲ ರೆಕಾರ್ಡಿಂಗಿನಲ್ಲಿ ಅವಳದು ಒಂದೂ ಕನ್ನಡ ವಾಕ್ಯವಿರಲಿಲ್ಲ, ಈಗ 17. ಬಹುಪಾಲು ನನಗೆ ಅಥವಾ ಅಪ್ಪನಿಗೆ ಹೇಳಿದವು, ಮೂರು ನಾಲ್ಕು ಪದದವು. ಶಾಲೆಯ ಸುದ್ದಿ ಹೇಳುವಾಗ ಪೂರಾ ಇಂಗ್ಲಿಷ್, ಅದರಲ್ಲಿ ಬದಲಾವಣೆಯಿಲ್ಲ. ಅಕ್ಕ ತಮ್ಮ ಆಡುವಾಗಲೂ ಇಂಗ್ಲಿಷೇ, ಅದು ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಚಿಕ್ಕವನಿಗೆ ಶಾಲೆ ಶುರುವಾಗುವ ಮುಂಚೆಯೇ ಇಂಗ್ಲಿಷ್ ತಂದುಕೊಟ್ಟವಳು ಅಕ್ಕ. ಎರಡನೆಯ ಮಗುವಿನ ಕನ್ನಡ ಉಳಿಯುವುದು ಬಹುಮಟ್ಟಿಗೆ ಮೊದಲನೆಯ ಮಗುವಿನ ಬಾಯಿಯ ಮೇಲೆ ನಿಂತಿದೆ ಎಂದು ಈಗ ನನಗೆ ಅನ್ನಿಸುತ್ತದೆ. ಅದಕ್ಕೇ ಕತೆ ಹೇಳುವ ಕೆಲಸವನ್ನು ಅವಳಿಗೇ ಬಿಟ್ಟಿದ್ದೇನೆ. ನನ್ನ ಅಪ್ಪಣೆಗಳು 41 ಇದ್ದದ್ದು 26ಕ್ಕೆ ಇಳಿದಿದ್ದವು. ಇನ್ನೂ ಇಳಿಯಬೇಕು.

ಹೋದ ಶನಿವಾರ ನಾನು ಅಡುಗೆಮನೆಯಲ್ಲಿದ್ದೆ. ಫೋನನ್ನು ಸೋಫಾದ ಮೇಲೆ ಒರಗಿಸಿ ಮಕ್ಕಳನ್ನು ಅಜ್ಜಿಯ ಮುಂದೆ ಕೂರಿಸಿ ಬಂದಿದ್ದೆ. ಅಮ್ಮ ಚಿಕ್ಕವನನ್ನು ಕೇಳುತ್ತಿದ್ದದ್ದು ಕೇಳಿಸಿತು, "ಹುಟ್ಟಿದಹಬ್ಬಕ್ಕೆ ನಿನಗೇನು ಬೇಕೋ ಮರೀ?" ಅವನು ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದ. ತಿರುಗಿಸಿ ಹೇಳೋಣವೆಂದು ಕೈ ಒರೆಸಿಕೊಂಡು ಬಾಗಿಲ ಹತ್ತಿರ ಬರುವಷ್ಟರಲ್ಲಿ ಪುಟ್ಟಿ ಫೋನಿನ ಕಡೆ ಬಗ್ಗಿದ್ದಳು.

"ಅಜ್ಜಿ, ಅವನಿಗೆ ರೈಲು ಬೇಕಂತೆ. ಕೆಂಪು ರೈಲು."

'ಬೇಕಂತೆ'. ಈ 'ಅಂತೆ' ನನ್ನ ಯಾವ ಹಾಡಿನಲ್ಲೂ ಇರಲಿಲ್ಲ, ನಾಯಿಮರಿಯ ಕತೆಯಲ್ಲೂ ಇರಲಿಲ್ಲ. ಅದನ್ನು ನಾನು ಆಡುತ್ತಿದ್ದದ್ದು ಒಂದೇ ಕಡೆ, ಪುಟ್ಟಿಯ ಇಂಗ್ಲಿಷನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುವಾಗ: ಪಾಸ್ತಾ ತಿಂದಳಂತೆ, ಶಾಲೇಲಿ ಬಿದ್ದಳಂತೆ, ಅವಳಿಗೆ ಅದು ಬೇಡವಂತೆ.

"ರೈಲಾ? ಸರಿ ಸರಿ. ನಿನಗೆ?" ಎಂದರು ಅಮ್ಮ.

ನಾನು ಬಾಗಿಲಿನಿಂದಲೇ ಹಿಂದಿರುಗಿ ಒಲೆ ಸಣ್ಣ ಮಾಡಿದೆ.